ಒಡವೆ, ನಾಣ್ಯ, ಗಟ್ಟಿ: ಕೊಂಡ ದಿನವೇ ಮಾರಿದರೆ ಕೈಗೆ ಬರುವುದೆಷ್ಟು?

ಚಿನ್ನದ ಅಂಗಡಿಯ ಬೋರ್ಡಿನ ಮೇಲೆ ಬರೆದ ದರಕ್ಕೆ ಚಿನ್ನ ಕೊಂಡವರಿಲ್ಲ, ಆ ದರಕ್ಕೆ ಮಾರಿದವರೂ ಅಪರೂಪ. ಕೊಳ್ಳುವಾಗ ಆ ದರದ ಮೇಲೆ ಕೂಲಿ, ವೇಸ್ಟೇಜ್, ಜಿಎಸ್‌ಟಿ ಸೇರುತ್ತವೆ. ಮಾರುವಾಗ ಅದೇ ದರದಲ್ಲಿ ಒಂದಿಷ್ಟು ಕಡಿತವಾಗುತ್ತದೆ. ಕಷ್ಟಕಾಲಕ್ಕೆ ಇರಲಿ ಎಂದು ಚಿನ್ನ ಕೂಡಿಡುವ ಕುಟುಂಬಕ್ಕೆ ದಿನದಿನದ ದರಕ್ಕಿಂತ ಈ ಎರಡು ಮೊತ್ತಗಳ ನಡುವಿನ ಅಂತರವೇ ಹೆಚ್ಚು ಮುಖ್ಯ. ದರ ನಮ್ಮ ಕೈಯಲ್ಲಿಲ್ಲ. ಚಿನ್ನವನ್ನು ಯಾವ ರೂಪದಲ್ಲಿ ಕೊಳ್ಳಬೇಕು ಎಂಬುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ.

ರೂಪಗಳು ಮೂರು: ಒಡವೆ, ನಾಣ್ಯ, ಗಟ್ಟಿ. ಗಟ್ಟಿಯನ್ನು ಕೆಲವರು ಬಿಸ್ಕತ್ತು ಎನ್ನುತ್ತಾರೆ, ಬಿಲ್ಲಿನಲ್ಲಿ ಬಾರ್ ಎಂದಿರುತ್ತದೆ. ಈ ಮೂರರಲ್ಲಿ ಉಳಿತಾಯಕ್ಕೆ ಯಾವುದು ಹಿತ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು. ದರ ಒಂದು ರೂಪಾಯಿಯೂ ಆಚೀಚೆ ಆಗದೆ, ಇವತ್ತು ಕೊಂಡದ್ದನ್ನು ಇವತ್ತೇ ಮಾರಿದರೆ ಎಷ್ಟು ವಾಪಸ್ ಬರುತ್ತದೆ?

ಹತ್ತು ಗ್ರಾಂ, ಮೂರು ಬಿಲ್ಲು

ಲೆಕ್ಕ ಸುಲಭವಾಗಲೆಂದು 24 ಕ್ಯಾರೆಟ್ ಚಿನ್ನಕ್ಕೆ ಗ್ರಾಂಗೆ 10,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕೂಲಿ ಮತ್ತು ಕಡಿತದ ಪ್ರಮಾಣ ಅಂಗಡಿಯಿಂದ ಅಂಗಡಿಗೆ ಬೇರೆಯಾಗುವುದರಿಂದ ಇಲ್ಲಿ ಕೊಟ್ಟಿರುವ ಶೇಕಡಾವಾರು ಅಂಕಿಗಳನ್ನು ಉದಾಹರಣೆ ಎಂದಷ್ಟೇ ನೋಡಬೇಕು. ಓದುಗರು ತಮ್ಮೂರಿನ ಅಂಗಡಿಯ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಬಹುದು.

ಮೊದಲು ಗಟ್ಟಿ. 50 ಗ್ರಾಂನಂಥ ದೊಡ್ಡ ಗಟ್ಟಿಗೆ ತಯಾರಿಕೆಯ ಖರ್ಚು ಕಡಿಮೆ, ಚಿನ್ನದ ಬೆಲೆಯ ಮೇಲೆ ಶೇ 1 ಎನ್ನೋಣ. ಅದರ ಹತ್ತು ಗ್ರಾಂನ ಪಾಲಿಗೆ ಚಿನ್ನದ ಬೆಲೆ 1,00,000, ತಯಾರಿಕೆ 1,000, ಒಟ್ಟು ಮೊತ್ತದ ಮೇಲೆ ಶೇ 3 ಜಿಎಸ್‌ಟಿ 3,030. ನಾವು ಕೊಡುವುದು 1,04,030 ರೂಪಾಯಿ. ಮಾರುವಾಗ ಶೇ 1 ಕಡಿತವಾದರೆ ಕೈಗೆ 99,000. ಅಂದರೆ ಕೊಟ್ಟ ನೂರು ರೂಪಾಯಿಗೆ ಸುಮಾರು 95 ವಾಪಸ್.

ಆಮೇಲೆ ನಾಣ್ಯ. 10 ಗ್ರಾಂ ನಾಣ್ಯಕ್ಕೆ ಅಚ್ಚಿನ ಕೆಲಸ ಮತ್ತು ಪ್ಯಾಕಿಂಗ್ ಸೇರಿ ಶೇ 3 ಎನ್ನೋಣ. 1,03,000ದ ಮೇಲೆ ಜಿಎಸ್‌ಟಿ 3,090 ಸೇರಿ ನಾವು ಕೊಡುವುದು 1,06,090. ಮಾರುವಾಗ ಶೇ 2 ಕಡಿತವಾದರೆ ಬರುವುದು 98,000. ನೂರಕ್ಕೆ ಸುಮಾರು 92. ನಾಣ್ಯ ಸಣ್ಣದಾದಷ್ಟೂ ಈ ಅಂತರ ಹಿಗ್ಗುತ್ತದೆ. ಒಂದು ಗ್ರಾಂ ನಾಣ್ಯಕ್ಕೂ ಅಚ್ಚು, ಪ್ಯಾಕಿಂಗ್, ಪರೀಕ್ಷೆ ಎಲ್ಲವೂ ಬೇಕು, ಆ ಖರ್ಚೆಲ್ಲ ಒಂದೇ ಗ್ರಾಂ ಮೇಲೆ ಬೀಳುತ್ತದೆ. ಹಬ್ಬಕ್ಕೊಂದರಂತೆ ಅರ್ಧ ಗ್ರಾಂ, ಒಂದು ಗ್ರಾಂ ನಾಣ್ಯ ಕೊಳ್ಳುವವರು ಅದೇ ಹಣವನ್ನು ಕೂಡಿಟ್ಟು ಒಂದೇ ಸಲ ಐದು ಅಥವಾ ಹತ್ತು ಗ್ರಾಂ ಕೊಂಡರೆ ಅದೇ ದುಡ್ಡಿಗೆ ಹೆಚ್ಚು ಚಿನ್ನ ಬರುತ್ತದೆ. ನಡುವೆ ದರ ಏರಿದರೆ ಆ ಲಾಭ ಕರಗಬಹುದು ಎಂಬುದನ್ನೂ ನೆನಪಿನಲ್ಲಿಡಬೇಕು.

ಕೊನೆಗೆ ಒಡವೆ. 22 ಕ್ಯಾರೆಟ್ಟಿನ ಒಂದು ಸಾದಾ ಸರ, ತೂಕ 10 ಗ್ರಾಂ. ಸಾವಿರ ಭಾಗದಲ್ಲಿ 916 ಭಾಗ ಚಿನ್ನ ಇರುವುದರಿಂದ ಚಿನ್ನದ ಬೆಲೆ 91,600. ಕೂಲಿ ಮತ್ತು ವೇಸ್ಟೇಜ್ ಸೇರಿ ಶೇ 14 ಎಂದರೆ 12,824. ಈ ಎರಡರ ಮೇಲೆ ಶೇ 3 ಜಿಎಸ್‌ಟಿ ಸುಮಾರು 3,133. ಹಾಲ್‌ಮಾರ್ಕಿಂಗ್ ಶುಲ್ಕ ಒಡವೆಯೊಂದಕ್ಕೆ 45 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಒಟ್ಟು 1,07,610 ರೂಪಾಯಿ. ಕೊಂಡ ಅಂಗಡಿಯಲ್ಲೇ ಮಾರಿ ಶೇ 2 ಕಡಿತವಾದರೆ ಬರುವುದು 89,768. ಬೇರೆ ಅಂಗಡಿಯವರು ಶೇ 5 ಹಿಡಿದರೆ 87,020. ನೂರಕ್ಕೆ 83 ಅಥವಾ 81.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಒಡವೆ ಮಾರುವವರ ಸಿಟ್ಟೆಲ್ಲ ಸಾಮಾನ್ಯವಾಗಿ ಕೊನೆಯ ಶೇ 2 ಅಥವಾ ಶೇ 5 ಕಡಿತದ ಮೇಲೆಯೇ ಇರುತ್ತದೆ. ಆದರೆ ಈ ಸರದ ಒಟ್ಟು ನಷ್ಟ 17,842 ರೂಪಾಯಿಯಲ್ಲಿ ಮಾರುವ ದಿನ ಹೋದದ್ದು ಬರೀ 1,832. ಉಳಿದ 16,010 ರೂಪಾಯಿ ಕೊಂಡ ದಿನವೇ ಹೋಗಿತ್ತು. ಕೂಲಿಗೂ ತೆರಿಗೆಗೂ ಕೊಟ್ಟ ಹಣ ಒಡವೆಯ ಒಳಗೆ ಕೂತಿರುವುದಿಲ್ಲ, ಆದ್ದರಿಂದ ಮಾರುವಾಗ ಅದಕ್ಕೆ ಬೆಲೆ ಕಟ್ಟುವವರೂ ಇಲ್ಲ.

ದರ ಏರಿದಾಗ ಈ ಅಂತರ ಏನು ಮಾಡುತ್ತದೆ ಎಂದು ನೋಡಿ. ಮೇಲಿನ ಲೆಕ್ಕದಲ್ಲಿ ಅಸಲು ಕೈಗೆ ಬರಬೇಕಾದರೆ ದರ ಗಟ್ಟಿಗೆ ಶೇ 5ರಷ್ಟು, ನಾಣ್ಯಕ್ಕೆ ಶೇ 8ರಷ್ಟು, ಸರಕ್ಕೆ ಶೇ 20ರಷ್ಟು ಏರಬೇಕು. ದರ ಶೇ 30 ಏರಿತು ಎನ್ನೋಣ. ಗಟ್ಟಿಯಲ್ಲಿ ಹೂಡಿದ 1,04,030 ರೂಪಾಯಿ 1,28,700 ಆಗುತ್ತದೆ, ಲಾಭ ಶೇ 24ರ ಹತ್ತಿರ. ಸರಕ್ಕೆ ಹಾಕಿದ 1,07,610 ರೂಪಾಯಿ 1,16,698 ಆಗುತ್ತದೆ, ಲಾಭ ಶೇ 8ಕ್ಕಿಂತ ಸ್ವಲ್ಪ ಹೆಚ್ಚು. ಏರಿದ ದರ ಇಬ್ಬರಿಗೂ ಒಂದೇ, ಕೈಗೆ ಬಂದ ಲಾಭ ಮಾತ್ರ ಮೂರುಪಟ್ಟು ಬೇರೆ.

ಹಳೆ ಒಡವೆ ಮಾರಲು ಹೋದಾಗ

ಹಳೆ ಒಡವೆ ತೆಗೆದುಕೊಂಡು ಹೋದಾಗ ಅಂಗಡಿಯವರು ಮೊದಲು ತೂಕ ನೋಡುತ್ತಾರೆ. ಆಮೇಲೆ ಕ್ಯಾರೆಟ್ ಮೀಟರ್ ಎಂದು ಕರೆಯುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ಇಟ್ಟು ಶುದ್ಧತೆ ಅಳೆಯುತ್ತಾರೆ. ಕ್ಷಕಿರಣ ಬಿಟ್ಟು ಲೋಹದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಹೇಳುವ ಈ ಯಂತ್ರ ಒಡವೆಯನ್ನು ಹಾಳುಮಾಡುವುದಿಲ್ಲ, ಆದರೆ ಮೇಲ್ಪದರವನ್ನಷ್ಟೇ ನೋಡಬಲ್ಲದು. ಹಾಗಾಗಿ ಹಾಲ್‌ಮಾರ್ಕ್ ಇಲ್ಲದ ಒಡವೆಯನ್ನು ಕರಗಿಸಿ, ಆ ತುಂಡನ್ನು ಮತ್ತೆ ಅಳೆದು, ಬಂದ ಅಂಕಿಗೆ ಬೆಲೆ ಕಟ್ಟುವುದು ರೂಢಿ.

ಕರಗಿಸಿದಾಗ ತೂಕ ಇಳಿಯುತ್ತದೆ. ಕೊಂಡಿಗಳ ಸಂದಿನ ಕೊಳೆ, ಟೊಳ್ಳು ಗುಂಡಿನೊಳಗಿನ ಅರಗು, ಹರಳಿನ ಕೆಳಗಿನ ಅಂಟು ಎಲ್ಲವೂ ಬೆಂಕಿಗೆ ಹೋಗುತ್ತವೆ. ಶುದ್ಧತೆಯೂ ಇಳಿಯಬಹುದು. ಹಳೆಯ ಸರ, ಬಳೆಗಳಲ್ಲಿ ಬೆಸುಗೆಗೆ ತಾಮ್ರ, ಬೆಳ್ಳಿ ಬೆರೆಸಿದ ಕಡಿಮೆ ಕ್ಯಾರೆಟ್ಟಿನ ಲೋಹ ಬಳಸುತ್ತಿದ್ದರು. ಕೊಂಡಿಗಳು ಹೆಚ್ಚಿದ್ದಷ್ಟೂ ಬೆಸುಗೆ ಹೆಚ್ಚು, ಇಡೀ ಸರ ಕರಗಿ ಒಂದಾದಾಗ ಸರಾಸರಿ ಶುದ್ಧತೆ ಕೆಳಗೆ ಬರುತ್ತದೆ.

ಒಂದು ಉದಾಹರಣೆ. ಅಜ್ಜಿಯ ಕಾಲದ 20 ಗ್ರಾಂ ಸರ, ಮನೆಯವರೆಲ್ಲ ಅದನ್ನು 22 ಕ್ಯಾರೆಟ್ ಎಂದೇ ನಂಬಿದ್ದಾರೆ. ನಂಬಿಕೆಯ ಪ್ರಕಾರ ಅದರಲ್ಲಿ 18.32 ಗ್ರಾಂ ಚೊಕ್ಕ ಚಿನ್ನ ಇರಬೇಕು. ಕರಗಿಸಿದ ಮೇಲೆ ತೂಕ 19.6 ಗ್ರಾಂ, ಶುದ್ಧತೆ ಶೇ 84 ಬಂದರೆ ಚೊಕ್ಕ ಚಿನ್ನ 16.46 ಗ್ರಾಂ. ನಮ್ಮ ದರದಲ್ಲಿ 18,600 ರೂಪಾಯಿಯಷ್ಟು ವ್ಯತ್ಯಾಸ. ಇದರಲ್ಲಿ ಕೊಳ್ಳುವವರ ಮೋಸ ಇರಲೇಬೇಕೆಂದಿಲ್ಲ. ಮಾಡಿಸಿದ ದಿನವೇ ಸರದಲ್ಲಿ ಅಷ್ಟು ಚಿನ್ನ ಇರಲಿಲ್ಲ, ಅದು ಗೊತ್ತಾದದ್ದು ಈಗ.

ಮೋಸಕ್ಕೂ ಜಾಗ ಇದೆ, ಅದನ್ನು ತಡೆಯುವ ದಾರಿಯೂ ಇದೆ. ಕರಗಿಸಲು ಒಪ್ಪುವ ಮೊದಲೇ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಹೋಗಿ ಒಡವೆಯನ್ನು ಪರೀಕ್ಷಿಸಿಕೊಳ್ಳಬಹುದು. ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ಮಾನ್ಯತೆ ಕೊಟ್ಟ ಈ ಕೇಂದ್ರಗಳು ಸಾರ್ವಜನಿಕರ ಒಡವೆಯನ್ನೂ ಶುಲ್ಕಕ್ಕೆ ಪರೀಕ್ಷಿಸಿ ವರದಿ ಕೊಡುತ್ತವೆ. ನಾಲ್ಕು ಒಡವೆಗಳವರೆಗೆ ಸೇರಿ ಶುಲ್ಕ 200 ರೂಪಾಯಿ ಎಂದು ಗೊತ್ತುಮಾಡಲಾಗಿದೆ. ಆ ವರದಿ ಕೈಯಲ್ಲಿದ್ದರೆ ಎರಡು ಮೂರು ಅಂಗಡಿಗಳಲ್ಲಿ ದರ ವಿಚಾರಿಸುವ ಧೈರ್ಯ ಬರುತ್ತದೆ. ಕರಗಿಸಿದ ಮೇಲೆ ಕೈಯಲ್ಲಿ ಉಳಿಯುವುದು ಒಂದು ತುಂಡು ಲೋಹ. ಅದನ್ನು ಹಿಡಿದು ಎದ್ದು ಬರಲು ಹೆಚ್ಚಿನವರಿಗೆ ಮನಸ್ಸಾಗುವುದಿಲ್ಲ.

ಕಡಿತ ಎಷ್ಟು ಎಂದು ಕೇಳುವಾಗ ಯಾವ ದರದ ಮೇಲೆ ಎಂದೂ ಕೇಳಬೇಕು. ಕೆಲವು ಅಂಗಡಿಗಳು ‘ಏನೂ ಕಡಿತವಿಲ್ಲ’ ಎನ್ನುತ್ತವೆ, ಆದರೆ ಬೋರ್ಡಿನ ದರ ಬಿಟ್ಟು ಅದಕ್ಕಿಂತ ಕಡಿಮೆಯಾದ ತಮ್ಮದೇ ಖರೀದಿ ದರದಲ್ಲಿ ಲೆಕ್ಕ ಹಾಕುತ್ತವೆ. ಹಾಗಾಗಿ ಶೇಕಡಾವಾರು ಮಾತನ್ನು ಬದಿಗಿಟ್ಟು, ‘ಇದಕ್ಕೆ ನನ್ನ ಖಾತೆಗೆ ಎಷ್ಟು ರೂಪಾಯಿ ಹಾಕುತ್ತೀರಿ?’ ಎಂದು ಕೇಳಿ, ಆ ಮೊತ್ತವನ್ನು ಮಾತ್ರ ಹೋಲಿಸುವುದು ಜಾಣತನ. ಖಾತೆ ಎಂದೇ ಹೇಳಲು ಕಾರಣವಿದೆ. ಆದಾಯ ತೆರಿಗೆಯ ನಿಯಮದಿಂದಾಗಿ ವ್ಯಾಪಾರಿಗಳು 10,000 ರೂಪಾಯಿ ಮೀರಿದ ಖರೀದಿಗೆ ನಗದು ಕೊಡಲು ಹಿಂಜರಿಯುತ್ತಾರೆ, ಹಣ ಬ್ಯಾಂಕಿನ ಮೂಲಕ ಬರುತ್ತದೆ.

‘ಎಕ್ಸ್‌ಚೇಂಜ್‌ಗೆ ನೂರಕ್ಕೆ ನೂರು’

ಹಣ ಕೇಳಿದರೆ ಕಡಿತ, ಬದಲಿಗೆ ಹೊಸ ಒಡವೆ ಕೊಂಡರೆ ಪೂರ್ತಿ ಬೆಲೆ. ಹೆಚ್ಚಿನ ಅಂಗಡಿಗಳ ಮಾತು ಇದೇ. ತಮ್ಮದೇ ಅಂಗಡಿಯ ಹಾಲ್‌ಮಾರ್ಕ್ ಒಡವೆಗೆ ಅವರು ನಿಜವಾಗಿಯೂ ಪೂರ್ತಿ ಚಿನ್ನದ ಬೆಲೆ ಹಿಡಿಯುತ್ತಾರೆ. ನಮ್ಮ ಹತ್ತು ಗ್ರಾಂ ಸರಕ್ಕೆ 91,600 ರೂಪಾಯಿ ಜಮೆಯಾಯಿತು ಎನ್ನೋಣ. ಅಷ್ಟೇ ತೂಕದ ಹೊಸ ಸರದ ಬಿಲ್ಲು 1,07,610. ಹಳೆಯದನ್ನು ಕೊಟ್ಟರೂ ಜಿಎಸ್‌ಟಿ ಬೀಳುವುದು ಹೊಸ ಸರದ ಪೂರ್ತಿ ಬೆಲೆಯ ಮೇಲೆ. ಕೈಯಿಂದ 16,010 ರೂಪಾಯಿ ಹಾಕಿದ ಮೇಲೂ ಮನೆಯಲ್ಲಿ ಇರುವುದು ಅದೇ ಹತ್ತು ಗ್ರಾಂ. ನಗದಿಗೆ ಮಾರಿದ್ದರೆ ಆಗುತ್ತಿದ್ದ ಕಡಿತ 1,832.

ಹೊಸ ಸರ ಬೇಕೇ ಬೇಕು ಎನ್ನುವವರಿಗೆ ಎಕ್ಸ್‌ಚೇಂಜ್ ಒಳ್ಳೆಯ ದಾರಿ, ಅದರಲ್ಲಿ ಅನುಮಾನವಿಲ್ಲ. ಕಡಿತ ತಪ್ಪಿಸಿಕೊಳ್ಳಲೆಂದು ಮಾತ್ರ ಎಕ್ಸ್‌ಚೇಂಜ್ ಮಾಡಿದರೆ ಎರಡು ಸಾವಿರ ಉಳಿಸಲು ಹದಿನಾರು ಸಾವಿರ ಕಳೆದಂತಾಗುತ್ತದೆ. ಐದಾರು ವರ್ಷಕ್ಕೊಮ್ಮೆ ಡಿಸೈನ್ ಹಳತಾಯಿತೆಂದು ಮುರಿಸಿ ಮಾಡಿಸುವ ಮನೆಯಲ್ಲಿ ಪ್ರತಿ ಸಲವೂ ಇಷ್ಟು ಹಣ ಹೋಗುತ್ತದೆ. ದರ ಏರುತ್ತಿರುವುದರಿಂದ ಅದು ಕಣ್ಣಿಗೆ ಕಾಣುವುದಿಲ್ಲ.

ಹರಳಿನ ಒಡವೆಗೆ ಇನ್ನೊಂದು ಎಚ್ಚರ ಬೇಕು. ಮಾರುವಾಗ ಹರಳು, ಮುತ್ತು, ದಾರ, ಮೇಣ ಎಲ್ಲವನ್ನೂ ತೂಕದಿಂದ ಕಳೆಯುತ್ತಾರೆ. ಕೊಳ್ಳುವಾಗ ಅವೂ ಚಿನ್ನದ ದರದಲ್ಲೇ ತೂಗಿದ್ದರೆ ಆ ಹಣ ತಿರುಗಿ ಬರುವುದಿಲ್ಲ. ಬಿಲ್ಲಿನಲ್ಲಿ ಒಟ್ಟು ತೂಕ ಬೇರೆ, ಚಿನ್ನದ ನಿವ್ವಳ ತೂಕ ಬೇರೆ ಎಂದು ಬರೆಸಿಕೊಳ್ಳುವುದೇ ಇದಕ್ಕೆ ಪರಿಹಾರ. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ನಿವ್ವಳ ತೂಕ, ಕ್ಯಾರೆಟ್, ಹಾಲ್‌ಮಾರ್ಕಿಂಗ್ ಶುಲ್ಕ ಕಾಣಿಸಬೇಕೆಂಬುದು ನಿಯಮ.

ಗಟ್ಟಿಗೆ ಸಾಲ ಸಿಗುವುದಿಲ್ಲ

ಇಷ್ಟು ಓದಿದ ಮೇಲೆ ಗಟ್ಟಿಯೇ ಎಲ್ಲದಕ್ಕೂ ಮೇಲು ಅನಿಸಬಹುದು. ಆದರೆ ನಮ್ಮ ಮನೆಗಳಲ್ಲಿ ಚಿನ್ನ ಕಷ್ಟಕ್ಕೆ ಒದಗುವುದು ಮಾರಾಟದಿಂದ ಅಷ್ಟಾಗಿ ಅಲ್ಲ, ಅಡವಿನಿಂದ. ಬಿತ್ತನೆಯ ಖರ್ಚಿಗೆ, ಕಾಲೇಜಿನ ಫೀಸಿಗೆ, ಆಸ್ಪತ್ರೆಯ ಬಿಲ್ಲಿಗೆ ಬಳೆ ಅಡವಿಟ್ಟು, ಹಣ ಬಂದಾಗ ಬಿಡಿಸಿಕೊಳ್ಳುತ್ತಾರೆ. ಇಲ್ಲಿ ಗಟ್ಟಿ ಕೈಕೊಡುತ್ತದೆ. ಗಟ್ಟಿ ಚಿನ್ನದ ಮೇಲೆ ಬ್ಯಾಂಕುಗಳು, ಹಣಕಾಸು ಸಂಸ್ಥೆಗಳು ಸಾಲ ಕೊಡಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಾಣ್ಯದ ಮೇಲೆ ಒಬ್ಬರಿಗೆ 50 ಗ್ರಾಂ ಎಂಬ ಮಿತಿಯಿದೆ, ಸಾಲ ಕೊಡುವವರು ಎಲ್ಲ ನಾಣ್ಯಗಳನ್ನೂ ಒಪ್ಪುವುದಿಲ್ಲ. ಒಡವೆಗೆ ಸಾಲ ಸುಲಭವಾಗಿ ಸಿಗುತ್ತದೆ. ಅಲ್ಲೂ ಹರಳಿಗಾಗಲಿ ಕೂಲಿಗಾಗಲಿ ಬೆಲೆಯಿಲ್ಲ, ಚಿನ್ನದ ನಿವ್ವಳ ತೂಕಕ್ಕೆ ಮಾತ್ರ.

ಗಟ್ಟಿಗೆ ಇನ್ನೂ ಒಂದು ತೊಡಕಿದೆ. 50 ಗ್ರಾಂ ಗಟ್ಟಿಯಲ್ಲಿ ಹತ್ತು ಗ್ರಾಂ ಮಾತ್ರ ಮಾರಲು ಬರುವುದಿಲ್ಲ. ಒಂದು ಲಕ್ಷದ ಅಗತ್ಯಕ್ಕೆ ಐದು ಲಕ್ಷದ ಚಿನ್ನ ಮಾರಬೇಕಾದೀತು. ಪ್ಯಾಕ್ ಒಡೆದಿದ್ದರೆ ಕೊಳ್ಳುವವರು ಗಟ್ಟಿಯನ್ನು ಕತ್ತರಿಸಿ ನೋಡುವುದೂ ಉಂಟು. ಟಂಗ್‌ಸ್ಟನ್ ಲೋಹದ ಸಾಂದ್ರತೆ ಚಿನ್ನದ್ದಕ್ಕೆ ತೀರ ಹತ್ತಿರ ಇರುವುದರಿಂದ, ಒಳಗೆ ಅದನ್ನು ತುಂಬಿ ಮೇಲೆ ಚಿನ್ನ ಹೊದಿಸಿದರೆ ತೂಕ, ಗಾತ್ರ ನೋಡಿ ಪತ್ತೆಹಚ್ಚುವುದು ಕಷ್ಟ. ಆದ್ದರಿಂದ ಗಟ್ಟಿಯಾಗಲಿ ನಾಣ್ಯವಾಗಲಿ, ಕ್ರಮಸಂಖ್ಯೆ ಮತ್ತು ಶುದ್ಧತೆ ಮುದ್ರಿಸಿದ ಮೊಹರಾದ ಪ್ಯಾಕಿನಲ್ಲೇ ಕೊಂಡು, ಮಾರುವವರೆಗೂ ಅದನ್ನು ಒಡೆಯದೆ, ಬಿಲ್ಲಿನ ಜೊತೆಗೇ ಇಡಬೇಕು.

ಬ್ಯಾಂಕಿನಲ್ಲಿ ಕೊಂಡ ನಾಣ್ಯವನ್ನು ಬ್ಯಾಂಕಿಗೇ ಮಾರಬಹುದು ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಬ್ಯಾಂಕುಗಳು ನಾಣ್ಯ ಮಾರಬಹುದು, ಗ್ರಾಹಕರಿಂದ ತಿರುಗಿ ಕೊಳ್ಳುವಂತಿಲ್ಲ. ಆ ನಾಣ್ಯವನ್ನು ಕೊನೆಗೆ ಒಡವೆ ಅಂಗಡಿಗೇ ಒಯ್ಯಬೇಕು. ಅಲ್ಲಿ ಅದಕ್ಕೆ ಸಿಗುವುದು ಬೇರೆ ಯಾವುದೇ 24 ಕ್ಯಾರೆಟ್ ನಾಣ್ಯದ ಬೆಲೆಯೇ. ಬ್ಯಾಂಕು ಹೆಚ್ಚು ಬೆಲೆ ಹಾಕಿದ್ದರೆ ಆ ಹೆಚ್ಚುವರಿ ಹಣ ಹೋದಂತೆಯೇ. ಹಾಗಾಗಿ ನಾಣ್ಯ ಕೊಳ್ಳುವ ಮೊದಲೇ, ಕೊಡುವವರು ಅದನ್ನು ತಿರುಗಿ ಕೊಳ್ಳುತ್ತಾರೆಯೇ, ಹಣ ಕೊಡುತ್ತಾರೆಯೇ ಅಥವಾ ಎಕ್ಸ್‌ಚೇಂಜ್ ಮಾತ್ರವೇ ಎಂದು ಕೇಳಿ ಬರೆಸಿಕೊಳ್ಳಬೇಕು.

ಮಗಳ ಮದುವೆಗೆ ಕೂಡಿಡುವವರಿಗೆ

ಚಿನ್ನ ಕೂಡಿಡುವ ಬಹಳಷ್ಟು ತಂದೆತಾಯಿಯರಿಗೆ ಅದನ್ನು ಮಾರುವ ಯೋಚನೆಯೇ ಇರುವುದಿಲ್ಲ. ಹತ್ತು ಹದಿನೈದು ವರ್ಷದ ಮೇಲೆ ಮಗಳ ಮೈಮೇಲೆ ಒಡವೆ ಇರಬೇಕು ಎಂಬುದಷ್ಟೇ ಅವರ ಆಸೆ. ಈಗಲೇ ಒಡವೆ ಕೊಳ್ಳುವುದೋ, ನಾಣ್ಯ ಕೂಡಿಟ್ಟು ಆಗ ಒಡವೆ ಮಾಡಿಸುವುದೋ?

ಇಂದಿನ ದರದಲ್ಲೇ ನೋಡೋಣ. ನಾಣ್ಯದ ದಾರಿ ಹಿಡಿದರೆ ಕೊನೆಗೆ ಒಡವೆಯ ಕೂಲಿ, ತೆರಿಗೆ ಹೇಗೂ ಕೊಡಬೇಕು. ಅದರ ಮೇಲೆ ನಾಣ್ಯಕ್ಕೆ ಕೊಟ್ಟ 6,090, ಅದನ್ನು ಬಿಡುವಾಗಿನ ಕಡಿತ 2,000, ಒಟ್ಟು ಲಕ್ಷಕ್ಕೆ 8,090 ಹೆಚ್ಚುವರಿ ಖರ್ಚು. ಈಗಲೇ ಒಡವೆ ಕೊಂಡು, ಆಗ ಮಗಳು ಅದನ್ನೇ ಇಷ್ಟಪಟ್ಟು ತೊಟ್ಟರೆ ಹೆಚ್ಚುವರಿ ಖರ್ಚು ಏನೂ ಇಲ್ಲ. ಆಗ ಅವಳು ಬೇಡವೆಂದು ಬದಲಿಸಿದರೆ 16,010.

ತೀರ್ಮಾನ ನಿಂತಿರುವುದು ಒಡವೆಯ ಬಗೆಯ ಮೇಲೆ. ಸಾದಾ ಬಳೆ, ಮಾಂಗಲ್ಯದ ಸರ, ಒಂದೆಳೆ ಸರದಂಥವು ಕಾಲ ಬದಲಾದರೂ ಹೆಚ್ಚು ಬದಲಾಗವು, ಅವಕ್ಕೆ ಕೂಲಿಯೂ ಕಡಿಮೆ. ಅವನ್ನು ನೇರವಾಗಿ ಕೊಂಡಿಡಬಹುದು, ಬೇಕಾದಾಗ ಅಡವಿಗೂ ಒದಗುತ್ತವೆ. ನೆಕ್ಲೇಸು, ಜುಮುಕಿ, ಹರಳಿನ ಸೆಟ್ಟುಗಳು ಹಾಗಲ್ಲ. ಅವುಗಳ ಕೂಲಿ ಹೆಚ್ಚು, ಫ್ಯಾಷನ್ ಬೇಗ ಹಳತಾಗುತ್ತದೆ, ಮಾರುವಾಗ ಕಳೆಯುವ ತೂಕವೂ ಹೆಚ್ಚು. ಅವುಗಳ ಪಾಲಿನ ಚಿನ್ನವನ್ನು ನಾಣ್ಯದಲ್ಲಿಟ್ಟು, ತೊಡುವವಳು ದೊಡ್ಡವಳಾಗಿ ತಾನೇ ಆರಿಸಿದಾಗ ಮಾಡಿಸುವುದು ಲೆಕ್ಕಕ್ಕೂ ಸರಿ, ಅವಳ ಮನಸ್ಸಿಗೂ ಸರಿ.

ಬಿಲ್ಲು ಮತ್ತು ಆರು ಅಕ್ಷರ

ಮೂರರಲ್ಲಿ ಯಾವುದನ್ನೇ ಕೊಂಡರೂ ಮುಂದಿನ ಕಡಿತವನ್ನು ತಗ್ಗಿಸುವುದು ಕಾಗದಪತ್ರ ಮತ್ತು ಗುರುತು. 2021ರ ಜುಲೈಯಿಂದ ಹಾಲ್‌ಮಾರ್ಕ್ ಎಂದರೆ ಮೂರು ಗುರುತು: ಬಿಐಎಸ್ ಲಾಂಛನ, 22K916ನಂಥ ಶುದ್ಧತೆಯ ಅಂಕಿ, ಮತ್ತು ಅಕ್ಷರ, ಅಂಕಿ ಬೆರೆತ ಆರು ಸ್ಥಾನದ HUID ಸಂಖ್ಯೆ. 2023ರ ಏಪ್ರಿಲ್ 1ರಿಂದ, ಹಾಲ್‌ಮಾರ್ಕ್ ಕಡ್ಡಾಯವಿರುವ ಕಡೆ ಈ ಸಂಖ್ಯೆಯಿಲ್ಲದ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಇದು ಕಡ್ಡಾಯವಲ್ಲ. ಫೋನಿನಲ್ಲಿ BIS Care ಆ್ಯಪ್ ತೆರೆದು Verify HUID ಎಂಬಲ್ಲಿ ಆ ಸಂಖ್ಯೆ ಹಾಕಿದರೆ ಒಡವೆ ಯಾವ ಬಗೆಯದು, ಶುದ್ಧತೆ ಎಷ್ಟು, ಹಾಲ್‌ಮಾರ್ಕ್ ಹಾಕಿದ ಕೇಂದ್ರ ಯಾವುದು ಎಂದು ತೋರಿಸುತ್ತದೆ. ಕೈಯಲ್ಲಿರುವುದು ಬಳೆ, ಆ್ಯಪ್ ತೋರಿಸುವುದು ಉಂಗುರ ಎಂದಾದರೆ ಅಲ್ಲಿಯೇ ನಿಲ್ಲಿಸಬೇಕು. ಹಣ ಕೊಡುವ ಮೊದಲೇ, ಅಂಗಡಿಯಲ್ಲೇ ಮಾಡಬೇಕಾದ ಕೆಲಸ ಇದು.

ಹಾಲ್‌ಮಾರ್ಕ್ ಒಡವೆಯಲ್ಲಿ ಆಮೇಲೆ ಶುದ್ಧತೆ ಕಡಿಮೆ ಎಂದು ಸಾಬೀತಾದರೆ, ಕಡಿಮೆಯಾದ ಚಿನ್ನದ ಬೆಲೆಯ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚನ್ನು ಪಡೆಯುವ ಹಕ್ಕು ಗ್ರಾಹಕರಿಗಿದೆ. ಅದಕ್ಕೆ ಬಿಲ್ಲು ಬೇಕು. ಮಾರಿದ ವರ್ಷ ಆದಾಯ ತೆರಿಗೆಯ ಲೆಕ್ಕಕ್ಕೂ ಅದೇ ಬಿಲ್ಲು ಬೇಕು. 2024ರ ಜುಲೈ 23ರ ನಂತರದ ನಿಯಮದಂತೆ, 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ ಚಿನ್ನ ಮಾರಿದರೆ ಲಾಭದ ಮೇಲೆ ಶೇ 12.5 ತೆರಿಗೆ. ಅದಕ್ಕೆ ಮೊದಲೇ ಮಾರಿದರೆ ಲಾಭ ಆ ವರ್ಷದ ಆದಾಯಕ್ಕೆ ಸೇರಿ ಅವರವರ ದರದಂತೆ ತೆರಿಗೆ ಬೀಳುತ್ತದೆ. ಕೊಂಡ ಬೆಲೆ ತೋರಿಸಲು ಬಿಲ್ಲಿಲ್ಲದಿದ್ದರೆ ನಾವು ಕೊಟ್ಟ ಕೂಲಿಯನ್ನೂ ಜಿಎಸ್‌ಟಿಯನ್ನೂ ಲಾಭದಿಂದ ಕಳೆಯುವುದು ಕಷ್ಟ. ಬಿಲ್ಲಿನ ಶಾಯಿ ಮಾಸುವ ಮೊದಲೇ ಅದರ ಫೋಟೊ ತೆಗೆದಿಡುವುದು ಒಳ್ಳೆಯದು.

ಮನೆಯ ಚಿನ್ನದ ಲೆಕ್ಕವನ್ನು ಹೀಗೆ ಮೂರು ಪಾಲು ಮಾಡಬಹುದು. ತೊಡುವುದಕ್ಕೆಂದು ಕೊಂಡ ಒಡವೆಯ ಕೂಲಿಯನ್ನು ಬಟ್ಟೆಗೆ ಮಾಡಿದ ಖರ್ಚಿನಂತೆ ಖರ್ಚೆಂದೇ ಬರೆದುಬಿಡಬೇಕು, ಅದು ಉಳಿತಾಯವಲ್ಲ. ತುರ್ತಿಗೆ ಅಡವಿಡಲು ಬೇಕಾದಷ್ಟು ಚಿನ್ನವನ್ನು ಕೂಲಿ ಕಡಿಮೆಯಿರುವ, ಹರಳಿಲ್ಲದ, HUID ಇರುವ ಬಳೆ, ಸರಗಳಲ್ಲಿ ಇಡಬೇಕು. ಅದಕ್ಕೂ ಮಿಕ್ಕ ಉಳಿತಾಯವನ್ನು ಹತ್ತು ಗ್ರಾಂ ನಾಣ್ಯಗಳಲ್ಲೋ, ಮೊತ್ತ ದೊಡ್ಡದಾಗಿ ಬಹುಕಾಲ ಮುಟ್ಟುವ ಯೋಚನೆ ಇಲ್ಲದಿದ್ದರೆ ಗಟ್ಟಿಯಲ್ಲೋ ಇಡಬೇಕು. ಮುಂದಿನ ಸಲ ಬಿಲ್ಲಿಗೆ ಹಣ ಕೊಡುವ ಮೊದಲು ಅಂಗಡಿಯವರನ್ನು ಇಷ್ಟು ಕೇಳಿ: ಇದನ್ನೇ ನಾಳೆ ತಂದರೆ ನೀವು ನನ್ನ ಖಾತೆಗೆ ಎಷ್ಟು ಹಾಕುತ್ತೀರಿ? ಅವರು ಹೇಳುವ ಮೊತ್ತವೇ ಆ ದಿನದ ನಿಮ್ಮ ನಿಜವಾದ ಉಳಿತಾಯ.